ತರಗತಿಯಲ್ಲಿ ಹೇನು ಕಂಡಾಗ

ಮಗುವಿನ ತರಗತಿಯಲ್ಲಿ ಹೇನು ಕಂಡಿದೆ ಎಂದು ಶಾಲೆಯಿಂದ ಚೀಟಿ ಬಂದರೆ, ಯಾರಿಂದ ಬಂತೆಂದು ಹುಡುಕಬೇಡಿ. ಹೇನು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ತಲೆಗೆ ತಲೆ ತಾಗಿದಾಗ ತೆವಳಿ ಹೋಗುತ್ತದೆ. ದಿನಾ ತಲೆಸ್ನಾನ ಮಾಡುವ ಮಗುವಿಗೂ ಹತ್ತುತ್ತದೆ.

ಇವತ್ತೇ ಮಗುವಿನ ಕಿವಿಯ ಹಿಂದೆ, ಕತ್ತಿನ ಮೇಲೆ ಬೆಳಕಿನಲ್ಲಿ ನೋಡಿ. ಬೆರಳಿನಿಂದ ಎಳೆದರೆ ಹೊಟ್ಟು ಉದುರುತ್ತದೆ, ಸೀರು ಕೂದಲಿಗೇ ಅಂಟಿರುತ್ತದೆ. ಹೇನು ಸಿಕ್ಕಿದರೆ ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ, ಸೀರಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚಿ, ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ. ಸೀರು ಒಡೆಯಲು 7ರಿಂದ 10 ದಿನ ಬೇಕು. ಆದ್ದರಿಂದ ಒಂದೇ ಸಲ ಬಾಚಿ ಬಿಟ್ಟರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮೂರು ದಿನಕ್ಕೊಮ್ಮೆಯಂತೆ ಎರಡು ವಾರ ಬಾಚಿ. ಸೀಮೆಎಣ್ಣೆಯನ್ನಂತೂ ಹಚ್ಚಲೇಬೇಡಿ, ಅದು ಅಪಾಯ. ಮಗುವಿಗೆ ಶಾಲೆ ತಪ್ಪಿಸುವ ಅಗತ್ಯವಿಲ್ಲ.