ಮಸ್ಕಿ ಬಂಡೆ ಮೇಲಿನ ಒಂದು ಹೆಸರು: ಬ್ರಾಹ್ಮಿ ಲಿಪಿ ಓದಿದ್ದು ಹೇಗೆ, ಅಶೋಕ ಸಿಕ್ಕಿದ್ದು ಹೇಗೆ?

ಮಸ್ಕಿ: ಇಲ್ಲಿನ ದುರ್ಗದ ಗುಡ್ಡದ ಬಂಡೆ ನೋಡೋಕೆ ಬಂದವರು ಮೊದಲು ಕೇಳೋದು ಒಂದೇ ಪ್ರಶ್ನೆ. "ಏನ್ ಬರ್ದಾರ್ರೀ ಇದ್ರಾಗ?" ಕನ್ನಡ ಬಲ್ಲವರಿಗೂ ಹಿಂದಿ ಬಲ್ಲವರಿಗೂ ಅದರ ಒಂದಕ್ಷರ ತಿಳಿಯಲ್ಲ. ಸುಮಾರು 2,270 ವರ್ಷದ ಹಿಂದೆ ಕೊರೆದ ಅಕ್ಷರಗಳು ಅವು. ಲಿಪಿಯ ಹೆಸರು ಬ್ರಾಹ್ಮಿ, ಭಾಷೆ ಪ್ರಾಕೃತ.

"ಅಶೋಕನ ಶಾಸನ" ಅಂತ ಈಗ ಶಾಲೆ ಮಕ್ಕಳೂ ಹೇಳ್ತಾರೆ. ಆದರೆ 200 ವರ್ಷದ ಹಿಂದೆ ಈ ಲಿಪಿಯನ್ನು ಓದಬಲ್ಲವರು ದೇಶದಲ್ಲಿ ಒಬ್ಬರೂ ಇರಲಿಲ್ಲ. ಓದು ಬಂದಮೇಲೂ ಆ ಶಾಸನಗಳ ರಾಜ ಅಶೋಕನೇ ಅನ್ನೋದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ಇದೇ ಮಸ್ಕಿಯಲ್ಲಿ.

ಪಂಡಿತರೂ ಕೈಚೆಲ್ಲಿದ್ದರು

14ನೇ ಶತಮಾನದಲ್ಲಿ ದಿಲ್ಲಿ ಸುಲ್ತಾನ ಫಿರೋಜ್ ಷಾ ತುಘಲಕ್ ಎರಡು ದೊಡ್ಡ ಕಲ್ಲಿನ ಕಂಬಗಳನ್ನು ದೂರದ ಊರುಗಳಿಂದ ದಿಲ್ಲಿಗೆ ಸಾಗಿಸಿ ನಿಲ್ಲಿಸಿದ. ಕಂಬದ ಮೇಲೆ ಬರಹ ಇತ್ತು. ಪಂಡಿತರನ್ನು ಕರೆಸಿ ಓದಿ ಅಂದ. ಯಾರಿಗೂ ಆಗಲಿಲ್ಲ. ಅಕ್ಷರಗಳು ತಲೆಮಾರಿನಿಂದ ತಲೆಮಾರಿಗೆ ಆಕಾರ ಬದಲಿಸುತ್ತಾ ಬಂದಿದ್ದವು. ನಮ್ಮ ಕನ್ನಡ, ತೆಲುಗು, ದೇವನಾಗರಿ ಎಲ್ಲವೂ ಅದೇ ಬ್ರಾಹ್ಮಿಯಿಂದಲೇ ಬಂದವು. ಆದರೆ ಮೂಲ ರೂಪ ಮಾತ್ರ ಮರೆತು ಹೋಗಿತ್ತು.

ಅಶೋಕನ ಹೆಸರೇನೋ ಪುರಾಣಗಳ ರಾಜರ ಪಟ್ಟಿಯಲ್ಲಿ ಇತ್ತು. ಅವನು ಏನು ಮಾಡಿದ, ಎಲ್ಲಿವರೆಗೆ ಆಳಿದ ಅನ್ನೋದು ಅಲ್ಲಿಂದ ತಿಳಿಯುತ್ತಿರಲಿಲ್ಲ.

ಬೀಗ ತೆಗೆದ ಪದ: ದಾನಂ

ಲಿಪಿ ಓದಿದವನು ಜೇಮ್ಸ್ ಪ್ರಿನ್ಸೆಪ್. ಕಲ್ಕತ್ತಾ ಟಂಕಸಾಲೆಯಲ್ಲಿ ಲೋಹದ ಶುದ್ಧತೆ ಪರೀಕ್ಷಿಸುವ ಅಧಿಕಾರಿ, ಜೊತೆಗೆ ಅಲ್ಲಿನ ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿ. ನಾಣ್ಯ ನೋಡೋದೇ ಅವನ ಕೆಲಸ. ಹಾಗಾಗಿ ಹಳೆ ನಾಣ್ಯದ ಮೇಲಿನ ಅಕ್ಷರಗಳ ಮೇಲೆ ಕಣ್ಣು ಬಿತ್ತು.

1834ರ ಹೊತ್ತಿಗೆ ಅವನು ಅಲಹಾಬಾದ್ ಕಂಬದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಪಟ್ಟಿ ಮಾಡಿದ. ಒಂದೇ ಅಕ್ಷರಕ್ಕೆ ಬೇರೆ ಬೇರೆ ಕಡೆ ಸಣ್ಣ ಗೀಟು ಸೇರಿಕೊಂಡು ಬರೋದು ಕಂಡಿತು. ಕ, ಕಾ, ಕಿ, ಕೀ ಅಂತ ನಮ್ಮ ಕಾಗುಣಿತ ಇದೆಯಲ್ಲ, ಅದೇ ರೀತಿ. ಇದು ಗ್ರೀಕ್ ಅಕ್ಷರವಲ್ಲ, ಈ ದೇಶದ ಲಿಪಿಯೇ ಅಂತ ಅಲ್ಲಿಗೆ ಗಟ್ಟಿಯಾಯ್ತು. ಆದರೆ ಯಾವ ಅಕ್ಷರಕ್ಕೆ ಯಾವ ಸದ್ದು ಅನ್ನೋದು ಇನ್ನೂ ಗೊತ್ತಿರಲಿಲ್ಲ. 1836ರಲ್ಲಿ ಕ್ರಿಶ್ಚಿಯನ್ ಲಾಸೆನ್ ಅನ್ನುವ ವಿದ್ವಾಂಸ ಅಗಾಥೊಕ್ಲಿಸ್ ಎಂಬ ರಾಜನ ನಾಣ್ಯ ಹಿಡಿದು ಕೆಲವು ಅಕ್ಷರ ಗುರುತಿಸಿದ. ಆ ನಾಣ್ಯದಲ್ಲಿ ಒಂದು ಕಡೆ ಗ್ರೀಕ್, ಇನ್ನೊಂದು ಕಡೆ ಬ್ರಾಹ್ಮಿ ಇತ್ತು.

ದೊಡ್ಡ ತಿರುವು ಬಂದದ್ದು 1837ರಲ್ಲಿ. ಭೋಪಾಲ್ ಹತ್ತಿರದ ಸಾಂಚಿ ಸ್ತೂಪದಿಂದ ಸಣ್ಣ ಸಣ್ಣ ಬರಹಗಳ ಪ್ರತಿ ಕಲ್ಕತ್ತಾಗೆ ಬಂತು. ಸ್ತೂಪದ ಸುತ್ತಲಿನ ಕಲ್ಲಿನ ಕಟಕಟೆ ಮೇಲೆ ಅಲ್ಲಲ್ಲಿ ಒಂದೊಂದು ಸಾಲು ಬರೆದಿತ್ತು. ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು ನೋಡಿದಾಗ ಪ್ರಿನ್ಸೆಪ್‌ಗೆ ಒಂದು ಸಂಗತಿ ಹೊಳೆಯಿತು. ಸಾಲುಗಳು ಬೇರೆ ಬೇರೆ, ಆದರೆ ಬಹುತೇಕ ಎಲ್ಲವೂ ಮುಗಿಯೋದು ಅವೇ ಎರಡು ಅಕ್ಷರಗಳಿಂದ.

ನಮ್ಮೂರ ಗುಡಿಗೆ ಹೋದರೆ ಟ್ಯೂಬ್‌ಲೈಟ್ ಮೇಲೆ, ಫ್ಯಾನ್ ರೆಕ್ಕೆ ಮೇಲೆ, ಗಂಟೆ ಮೇಲೆ ಏನು ಬರೆದಿರುತ್ತೆ? "ಇಂಥವರ ಸೇವೆ", "ಇಂಥವರ ಕೊಡುಗೆ". ಹೆಸರು ಬದಲಾಗುತ್ತೆ, ಕೊನೆ ಪದ ಬದಲಾಗಲ್ಲ. ಕನ್ನಡ ಬಾರದವನು ಹತ್ತು ಟ್ಯೂಬ್‌ಲೈಟ್ ನೋಡಿದರೂ ಕೊನೆ ಪದ "ಕೊಡುಗೆ" ಇರಬೇಕು ಅಂತ ಊಹೆ ಮಾಡಬಹುದು. ಪ್ರಿನ್ಸೆಪ್ ಮಾಡಿದ್ದು ಇದನ್ನೇ. ಧಾರ್ಮಿಕ ಕಟ್ಟಡದ ಕಲ್ಲಿನ ಮೇಲೆ ಜನ ಬರೆಸೋದು ದಾನದ ವಿಷಯ. ಹಾಗಾದರೆ ಕೊನೆ ಪದ "ದಾನಂ" ಇರಬೇಕು.

ಊಹೆಯನ್ನು ಅಕ್ಷರಕ್ಕೆ ಹೊಂದಿಸಿ ನೋಡಿದ. ಕೊನೆಯ ಎರಡರಲ್ಲಿ ಮೊದಲ ಅಕ್ಷರಕ್ಕೆ ಒಂದು ಅಡ್ಡ ಗೀಟು ಇತ್ತು, ಅದು "ದಾ"ದ ದೀರ್ಘ. ಎರಡನೆಯದಕ್ಕೆ ಪಕ್ಕದಲ್ಲಿ ಚುಕ್ಕೆ ಇತ್ತು, ಅದು "ನಂ" ಅಕ್ಷರದ ಸೊನ್ನೆ. ಆ ಪದದ ಹಿಂದೆ ಬಹಳ ಕಡೆ ಒಂದೇ ಅಕ್ಷರ ಬರುತ್ತಿತ್ತು. ಅದು "ಸ". ಸೌರಾಷ್ಟ್ರದ ನಾಣ್ಯಗಳಿಂದ ಅವನಿಗೆ ಅದರ ಪರಿಚಯ ಇತ್ತು. ಪ್ರಾಕೃತದಲ್ಲಿ ಹೆಸರಿನ ಮುಂದೆ "ಸ" ಬಂದರೆ "ಅವನ" ಅಂತ ಅರ್ಥ. ಅಂದರೆ ಪ್ರತಿ ಸಾಲೂ "ಇಂಥವನ ದಾನ".

ದ, ನ, ಸ ಕೈಗೆ ಸಿಕ್ಕಮೇಲೆ ದಾನಿಗಳ ಹೆಸರಿನಿಂದ ಮಿಕ್ಕ ಅಕ್ಷರ ಒಂದೊಂದಾಗಿ ಹೊರಬಂದವು. ಊಹೆ ಸರಿಯಾ ತಪ್ಪಾ ಅಂತ ತಿಳಿಯೋಕೆ ಒಂದೇ ದಾರಿ: ಅದೇ ಅಕ್ಷರಗಳನ್ನು ಬೇರೆ ಊರಿನ ಶಾಸನಕ್ಕೆ ಹಾಕಿ ಓದಬೇಕು. ಅಲ್ಲೂ ಅರ್ಥ ಬಂದರೆ ಸರಿ, ಬರದಿದ್ದರೆ ತಪ್ಪು. ದಿಲ್ಲಿ ಕಂಬಕ್ಕೆ ಹಾಕಿದಾಗ ಅರ್ಥ ಬಂತು. "ದೇವಾನಂಪಿಯ ಪಿಯದಸಿ ರಾಜ ಹೀಗೆ ಹೇಳುತ್ತಾನೆ" ಅಂತ ಶಾಸನ ಶುರುವಾಗುತ್ತಿತ್ತು. ದೇವಾನಂಪಿಯ ಅಂದರೆ ದೇವರಿಗೆ ಪ್ರಿಯನಾದವನು.

ಕೆಲಸ ಮುಗಿಸಿದ ಮರುವರ್ಷವೇ ಪ್ರಿನ್ಸೆಪ್ ಕಾಯಿಲೆ ಬಿದ್ದು ಇಂಗ್ಲೆಂಡಿಗೆ ವಾಪಸಾದ. 1840ರಲ್ಲಿ, 40ನೇ ವಯಸ್ಸಿಗೆ ತೀರಿಕೊಂಡ.

ಓದಾಯ್ತು, ಆದರೆ ರಾಜ ಯಾರು?

ಪಿಯದಸಿ ಅನ್ನೋ ರಾಜ ಯಾವ ಪಟ್ಟಿಯಲ್ಲೂ ಸಿಗಲಿಲ್ಲ. ಪ್ರಿನ್ಸೆಪ್ ಮೊದಲು ತಪ್ಪು ಮಾಡಿದ. ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಅಂತ ರಾಜ ಇದ್ದ, ಇವನೂ ಅವನೇ ಇರಬೇಕು ಅಂದುಕೊಂಡ. ಸಿಂಹಳದ ರಾಜ ದಿಲ್ಲಿ ಕಡೆಯ ಕಂಬದ ಮೇಲೆ ಯಾಕೆ ಬರೆಸ್ತಾನೆ ಅನ್ನೋ ತೊಡಕು ಹಾಗೇ ಉಳಿಯಿತು. ಸಿಂಹಳದಲ್ಲೇ ಸರ್ಕಾರಿ ನೌಕರನಾಗಿದ್ದ ಜಾರ್ಜ್ ಟರ್ನರ್ ಅದನ್ನು ಬಿಡಿಸಿದ. ದೀಪವಂಸ ಎಂಬ ಪಾಲಿ ಗ್ರಂಥದಲ್ಲಿ ಪಿಯದಸ್ಸಿ ಅನ್ನೋದು ಚಂದ್ರಗುಪ್ತನ ಮೊಮ್ಮಗ ಅಶೋಕನ ಇನ್ನೊಂದು ಹೆಸರು ಅಂತ ಇರೋದನ್ನು ತೋರಿಸಿದ.

ಕಾಲ ಗೊತ್ತಾಗಿದ್ದು ಇನ್ನೊಂದು ಶಾಸನದಿಂದ. 13ನೇ ಬಂಡೆ ಶಾಸನದಲ್ಲಿ ಅಂತಿಯೋಕ, ತುರಮಾಯ ಮುಂತಾಗಿ ಐವರು ಗ್ರೀಕ್ ರಾಜರ ಹೆಸರು ಇದೆ. ಅವರು ಯಾವಾಗ ಆಳಿದರು ಅನ್ನೋದು ಗ್ರೀಕರ ಲೆಕ್ಕದಿಂದ ಗೊತ್ತು. ಹಾಗಾಗಿ ಅಶೋಕ ಕ್ರಿ.ಪೂ. 3ನೇ ಶತಮಾನದವನು ಅಂತ ನಿಂತಿತು.

ಆದರೂ ಒಂದು ಕೊರತೆ ಉಳಿದಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ರಾಜನ ಬಿರುದು ಇತ್ತೇ ಹೊರತು ಅಶೋಕ ಅನ್ನೋ ಹೆಸರು ಇರಲಿಲ್ಲ. ಪಿಯದಸಿಯೇ ಅಶೋಕ ಅನ್ನೋದು ಸಿಂಹಳದ ಗ್ರಂಥದ ಮೇಲೆ ನಿಂತ ಮಾತಾಗಿತ್ತು. 78 ವರ್ಷ ಹಾಗೇ ನಡೆಯಿತು.

1915ರ ಜನವರಿಯಲ್ಲಿ ನಿಜಾಮರ ಸರ್ಕಾರದ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಮಸ್ಕಿ ಸುತ್ತಮುತ್ತ ತಿರುಗುವಾಗ ಬಂಡೆ ಬರಹ ಕಂಡ. ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಪ್ರಕಟಿಸಿದರು. ಶುರುವಿನಲ್ಲೇ ಇತ್ತು: "ದೇವಾನಂಪಿಯಸ ಅಸೋಕಸ". ಸಾಂಚಿಯಲ್ಲಿ ಬೀಗ ತೆಗೆದ ಅದೇ "ಸ" ಇಲ್ಲೂ ಇದೆ. ದೇವಾನಂಪಿಯನಾದ ಅಶೋಕನ ಮಾತು ಅಂತ ಅರ್ಥ. ಬಿರುದು, ಹೆಸರು ಎರಡೂ ಒಂದೇ ಕಲ್ಲಿನ ಮೇಲೆ. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದಲ್ಲೂ ಅಶೋಕನ ಹೆಸರು ಸಿಕ್ಕಿತು. ಮೊದಲು ಸಿಕ್ಕಿದ್ದು ಮಾತ್ರ ಮಸ್ಕಿಯಲ್ಲಿ.

ರಾಜ ಅಷ್ಟೇ ಅಲ್ಲ, ಜನರೂ ಕಂಡರು

ಮಸ್ಕಿ ಬಂಡೆಯ ಸಾರ ಇಷ್ಟು: ನಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷದ ಮೇಲಾಯ್ತು. ಧರ್ಮದಲ್ಲಿ ತೊಡಗಿದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಆ ಮಟ್ಟ ಮುಟ್ಟಬಹುದು. ಇದನ್ನು ಇಬ್ಬರಿಗೂ ಹೇಳಿ.

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ ಶಾಸನದಲ್ಲಿ ಆಡಳಿತ ಹೇಗಿತ್ತು ಅನ್ನೋದು ಕಾಣುತ್ತೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು ಸೇರಿ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆದೇಶ ಅದು. ಈಗಿನ ಲೆಕ್ಕದಲ್ಲಿ ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬಂದ ಸುತ್ತೋಲೆ. ಶುರುವಿಗೆ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯ. ತಂದೆತಾಯಿ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಗುರುವಿಗೆ ಶಿಷ್ಯ ಮರ್ಯಾದೆ ಕೊಡಬೇಕು. ಕೊನೆಗೆ ಬರೆದವನ ಸಹಿ: ಚಪಡ. "ಲಿಪಿಕಾರ" ಅನ್ನೋ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಲಿಪಿ ನಡೆಯುತ್ತಿದ್ದದ್ದು ಪೇಶಾವರದ ಕಡೆ. ಬರೆಯುವ ಕೆಲಸಗಾರ ಆ ಕಡೆಯಿಂದ ಬಂದವನೋ ಅಲ್ಲಿ ಕಲಿತವನೋ ಇರಬೇಕು ಅಂತ ಈ ಒಂದು ಪದದಿಂದ ವಿದ್ವಾಂಸರು ಹೇಳ್ತಾರೆ.

ನಮ್ಮ ಕಡೆ ಜನ ಪ್ರಾಕೃತ ಮಾತಾಡುತ್ತಿದ್ದರು ಅಂತ ಇದರ ಅರ್ಥ ಅಲ್ಲ. ಅದು ಆಡಳಿತದ ಭಾಷೆ. ಗಡಿಯಾಚೆ ಆಂಧ್ರದ ಯರ್ರಗುಡಿ ಶಾಸನದಲ್ಲಿ ಅಧಿಕಾರಿ ಭೇರಿ ಹೊಡೆಸಿ ಜನರಿಗೆ ತಿಳಿಸಬೇಕು ಅಂತ ಇದೆ. ಅಂದರೆ ಓದಲು ಬಾರದವರಿಗೆ ಡಂಗುರ.

ಇನ್ನು ಸಾಂಚಿಯ ದಾನಿಗಳ ಪಟ್ಟಿಯಲ್ಲಿ ರಾಜರಿಗಿಂತ ಸಾಮಾನ್ಯರೇ ಜಾಸ್ತಿ. ಭಿಕ್ಷುಗಳು, ಭಿಕ್ಷುಣಿಯರು, ಮನೆವಾರ್ತೆಯ ಹೆಂಗಸರು, ವ್ಯಾಪಾರ ಮಾಡುವ ಸೆಟ್ಟಿಗಳು. ಅಲ್ಲಿನ ಒಂದು ಹೆಬ್ಬಾಗಿಲ ಕೆತ್ತನೆ ಮಾಡಿದವರು ವಿದಿಶಾ ಊರಿನ ದಂತದ ಕೆಲಸಗಾರರು ಅಂತ ಅಲ್ಲೇ ಬರೆದಿದೆ. ಯಾವ ಪುರಾಣದಲ್ಲೂ ಇವರ ಸುದ್ದಿ ಇಲ್ಲ.

ಓದೋಕೆ ಬಂದರೂ ಬಗೆಹರಿಯದ್ದು

ಅಕ್ಷರ ಓದಿದರೆ ಎಲ್ಲ ತಿಳಿಯಿತು ಅಂತಲ್ಲ. ಬ್ರಹ್ಮಗಿರಿಯಲ್ಲಿ 256 ಅನ್ನೋ ಸಂಖ್ಯೆ ಇದೆ. ಸಂಖ್ಯೆಯ ಬಗ್ಗೆ ಗೊಂದಲ ಇಲ್ಲ. ಅದು ಯಾವುದರ ಲೆಕ್ಕ ಅನ್ನೋದರ ಮೇಲೆ ವಿದ್ವಾಂಸರು ಬಹಳ ಕಾಲ ಜಗಳ ಆಡಿದ್ದಾರೆ. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳು ಅನ್ನೋದು ಈಗ ಹೆಚ್ಚು ಜನ ಒಪ್ಪುವ ಅರ್ಥ. ಸುವರ್ಣಗಿರಿ ಎಲ್ಲಿತ್ತು ಅನ್ನೋದರಲ್ಲೂ ಒಮ್ಮತ ಇಲ್ಲ. ಕನಕಗಿರಿ ಅಂತ ಕೆಲವರು, ಮಸ್ಕಿ ಸುತ್ತಲೇ ಅಂತ ಕೆಲವರು.

ಮಸ್ಕಿ ಬಂಡೆಯಲ್ಲೂ ಕೆಲವು ಅಕ್ಷರ ಸವೆದು ಹೋಗಿವೆ. ಇದೇ ಆದೇಶದ ಪ್ರತಿ ಬೇರೆ ಊರುಗಳಲ್ಲಿ ಇರೋದರಿಂದ ಅದನ್ನು ಪಕ್ಕಕ್ಕಿಟ್ಟು ಖಾಲಿ ಜಾಗ ತುಂಬಿ ಓದಿದ್ದಾರೆ. ಆದರೆ "ಅಸೋಕಸ" ಅನ್ನೋ ಪದ ಆ ಎಲ್ಲ ಪ್ರತಿಗಳಲ್ಲಿ ಇಲ್ಲ. ಇಲ್ಲಿ ಅದು ಸವೆದಿದ್ದರೆ ಬ್ರಹ್ಮಗಿರಿ ನೋಡಿ ತುಂಬೋಕೆ ಆಗ್ತಿರಲಿಲ್ಲ.

ಬಂಡೆ ಮೇಲೆ ಸೀಮೆಸುಣ್ಣ ಎಳೆಯಬೇಡಿ, ಕಲ್ಲಿನಿಂದ ಗೀಚಬೇಡಿ ಅನ್ನೋದು ಇದಕ್ಕೇ. ಬ್ರಾಹ್ಮಿಯಲ್ಲಿ ಒಂದು ಗೀಟು ಸೇರಿದರೆ ದೀರ್ಘ, ಒಂದು ಚುಕ್ಕೆ ಸೇರಿದರೆ ಸೊನ್ನೆ. ಪ್ರಿನ್ಸೆಪ್ "ದಾನಂ" ಓದಿದ್ದು ಅಂಥ ಒಂದು ಗೀಟು, ಒಂದು ಚುಕ್ಕೆ ಹಿಡಿದುಕೊಂಡೇ.