ಚುಕ್ಕಿ ಎಣಿಸಿ ಅಣುವಿನ ಆಕಾರ ಹೇಳುವುದು

BF₃ ಮತ್ತು NF₃ ಎರಡೂ ಅನಿಲಗಳು. ಬೋರಾನ್ ಟ್ರೈಫ್ಲೋರೈಡ್‌ನಲ್ಲಿ ನಡುವೆ ಬೋರಾನ್, ನೈಟ್ರೋಜನ್ ಟ್ರೈಫ್ಲೋರೈಡ್‌ನಲ್ಲಿ ನಡುವೆ ನೈಟ್ರೋಜನ್. ಸುತ್ತಲೂ ಮೂರು ಫ್ಲೋರಿನ್. ಸೂತ್ರ ನೋಡಿದರೆ ಅವಳಿಗಳೆನಿಸುತ್ತವೆ. ಆದರೆ NF₃ ಅಣುವಿಗೆ ಒಂದು ಬದಿ ತುಸು ಧನ, ಇನ್ನೊಂದು ಬದಿ ತುಸು ಋಣ, ಅದು ಧ್ರುವೀಯ. BF₃ ಅಣುವಿಗೆ ಅಂಥ ಬದಿಗಳೇ ಇಲ್ಲ. ಈ ವ್ಯತ್ಯಾಸವನ್ನು ಪ್ರಯೋಗಾಲಯಕ್ಕೆ ಹೋಗದೆ ಒಂದು ಪೆನ್ಸಿಲ್ಲಿನಿಂದಲೇ ಮುಂಚಿತವಾಗಿ ಹೇಳಬಹುದು.

ಪರಮಾಣುಗಳು ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡು ಬಂಧ ಕಟ್ಟುತ್ತವೆ ಎಂದು ಅಮೆರಿಕದ ರಸಾಯನ ವಿಜ್ಞಾನಿ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಹೇಳಿದರು. ಅವರ ಹೆಸರಿನ ಚಿತ್ರದಲ್ಲಿ ಮೊದಲ ಕೆಲಸ ಹೊರಕವಚದ ಎಲೆಕ್ಟ್ರಾನ್‌ಗಳನ್ನು ಎಣಿಸುವುದು. ನೈಟ್ರೋಜನ್‌ಗೆ 5, ಪ್ರತಿ ಫ್ಲೋರಿನ್‌ಗೆ 7. NF₃ಯಲ್ಲಿ ಒಟ್ಟು 26. ಮೂರು ಬಂಧಗಳಿಗೆ 6 ಹೋದವು, ಉಳಿದದ್ದು 20. ಫ್ಲೋರಿನ್‌ಗಳ ಸುತ್ತ ಎಂಟೆಂಟು ತುಂಬಲು 18 ಬೇಕು. ಮಿಕ್ಕ 2 ನೈಟ್ರೋಜನ್ ಮೇಲೆ ಕೂರುತ್ತವೆ. ಬಂಧದಲ್ಲಿ ಪಾಲುಗೊಳ್ಳದ ಈ ಜೋಡಿಯೇ ಒಂಟಿ ಜೋಡಿ.

BF₃ಯಲ್ಲಿ ಬೋರಾನ್‌ಗೆ 3 ಮಾತ್ರ, ಒಟ್ಟು 24. ಬಂಧಗಳಿಗೆ 6, ಫ್ಲೋರಿನ್‌ಗಳಿಗೆ 18, ಲೆಕ್ಕ ಮುಗಿಯಿತು. ಬೋರಾನ್ ಸುತ್ತ ಆರೇ ಎಲೆಕ್ಟ್ರಾನ್‌ಗಳಿರುವುದನ್ನು ಕಂಡು, ಎಂಟು ತುಂಬಿಸಲೆಂದು ಅಲ್ಲೊಂದು ಒಂಟಿ ಜೋಡಿ ಸೇರಿಸುವ ತಪ್ಪು ತುಂಬ ಸಾಮಾನ್ಯ. ಚುಕ್ಕಿಗಳನ್ನು ಮರಳಿ ಎಣಿಸಿದರೆ 26 ಬರುತ್ತದೆ. ನಮ್ಮ ಬಳಿ ಇದ್ದದ್ದು 24. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟಾದರೂ ಚಿತ್ರ ಚಪ್ಪಟೆಯೇ. ಯಾವ ಜೋಡಿ ಎಲ್ಲಿದೆ ಎಂದು ಅದು ಹೇಳುತ್ತದೆಯೇ ಹೊರತು ಅಣುವಿನ ಆಕಾರವನ್ನಲ್ಲ. ಆಕಾರ ತಿಳಿಯಲು ಇನ್ನೊಂದು ಹೆಜ್ಜೆ ಇಡಬೇಕು. ನಡುವಿನ ಪರಮಾಣುವಿನ ಸುತ್ತಲ ಜೋಡಿಗಳು ಒಂದನ್ನೊಂದು ವಿಕರ್ಷಿಸಿ ಆದಷ್ಟು ದೂರ ಸರಿಯುತ್ತವೆ. ರಸಾಯನ ವಿಜ್ಞಾನಿಗಳಾದ ಸಿಜ್‌ವಿಕ್ ಮತ್ತು ಪೊವೆಲ್ 1940ರಲ್ಲಿ ಮುಂದಿಟ್ಟ ಈ ವಿಚಾರವನ್ನು ಗಿಲೆಸ್ಪಿ ಮತ್ತು ನೈಹೋಮ್ 1957ರಲ್ಲಿ ಬೆಳೆಸಿದರು.

ಬೋರಾನ್ ಸುತ್ತ ಮೂರು ಜೋಡಿ. ಅವು ಅತಿ ದೂರ ನಿಲ್ಲುವುದು ಒಂದೇ ಸಮತಲದಲ್ಲಿ, 120 ಡಿಗ್ರಿ ಅಂತರದಲ್ಲಿ. ನೈಟ್ರೋಜನ್ ಸುತ್ತ ನಾಲ್ಕು ಜೋಡಿ. ಅವಕ್ಕೆ ಸಮತಲ ಸಾಲದು, ಮೂರು ಆಯಾಮಗಳಲ್ಲಿ 109.5 ಡಿಗ್ರಿ ಅಂತರದ ನಾಲ್ಕು ದಿಕ್ಕುಗಳು ಬೇಕು. ಒಂದು ದಿಕ್ಕಿನಲ್ಲಿ ಒಂಟಿ ಜೋಡಿ, ಮೂರರಲ್ಲಿ ಫ್ಲೋರಿನ್. ಒಂಟಿ ಜೋಡಿ ಒಂದೇ ಬೀಜಕೇಂದ್ರದ ಹಿಡಿತದಲ್ಲಿರುವುದರಿಂದ ಹೆಚ್ಚು ಜಾಗ ಆಕ್ರಮಿಸಿ ಬಂಧಗಳನ್ನು ಒತ್ತುತ್ತದೆ. ಕೋನ ಸುಮಾರು 102 ಡಿಗ್ರಿಗೆ ಇಳಿಯುತ್ತದೆ. ಆಕಾರವನ್ನು ಹೆಸರಿಸುವಾಗ ಪರಮಾಣುಗಳನ್ನಷ್ಟೇ ನೋಡುತ್ತೇವೆ: ನೈಟ್ರೋಜನ್ ತುದಿಯಲ್ಲಿ, ಮೂರು ಫ್ಲೋರಿನ್ ತಳದಲ್ಲಿರುವ ಪಿರಮಿಡ್.

ಈಗ ಧ್ರುವೀಯತೆ. ಫ್ಲೋರಿನ್ ಎರಡು ಅಣುಗಳಲ್ಲೂ ಬಂಧದ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆಯುತ್ತದೆ, ಹಾಗಾಗಿ ಪ್ರತಿ ಬಂಧವೂ ಧ್ರುವೀಯ. ಆದರೆ ಬಂಧ ಧ್ರುವೀಯವಾದ ಮಾತ್ರಕ್ಕೆ ಅಣು ಧ್ರುವೀಯವಾಗಬೇಕಿಲ್ಲ. ಒಂದು ಗಂಟಿಗೆ ಮೂರು ಹಗ್ಗ ಕಟ್ಟಿ, ಸಮ ಬಲದ ಮೂವರು 120 ಡಿಗ್ರಿ ಅಂತರದಲ್ಲಿ ಎಳೆದರೆ ಗಂಟು ಕದಲದು. BF₃ಯಲ್ಲಿ ಆಗುವುದು ಇದೇ, ಮೊತ್ತ ಸೊನ್ನೆ. ಪಿರಮಿಡ್‌ನಲ್ಲಿ ಮೂರೂ ಸೆಳೆತಗಳು ತಳದತ್ತ ಬಾಗಿರುವುದರಿಂದ ಪೂರ್ತಿ ಅಳಿಯುವುದಿಲ್ಲ.

ಚಿತ್ರದ ಮಿತಿ ಕಾಣುವುದು ಅಮೋನಿಯಾವನ್ನು ಪಕ್ಕದಲ್ಲಿಟ್ಟಾಗ. NH₃ಯಲ್ಲೂ ಮೂರು ಬಂಧ, ಒಂದು ಒಂಟಿ ಜೋಡಿ, ಅದೇ ಪಿರಮಿಡ್. ಆದರೆ ದ್ವಿಧ್ರುವ ಮಹತ್ವವನ್ನು ಅಳೆದಾಗ ಅಮೋನಿಯಾಕ್ಕೆ ಸುಮಾರು 1.47 ಡಿಬೈ, NF₃ಗೆ ಬರೀ 0.23. ಬಂಧಗಳಷ್ಟನ್ನೇ ನೋಡಿದರೆ ಇದು ತಲೆಕೆಳಗು. ನೈಟ್ರೋಜನ್–ಫ್ಲೋರಿನ್ ಬಂಧವೇನೂ ಕಡಿಮೆ ಧ್ರುವೀಯವಲ್ಲ. ಕಾರಣ ಒಂಟಿ ಜೋಡಿ. ಅದರ ಋಣಾಂಶ ಪಿರಮಿಡ್‌ನ ತುದಿಯ ಕಡೆಗಿದೆ. ಅಮೋನಿಯಾದಲ್ಲಿ ನೈಟ್ರೋಜನ್ ಹೈಡ್ರೋಜನ್‌ಗಳಿಂದ ಎಲೆಕ್ಟ್ರಾನ್ ಸೆಳೆಯುತ್ತದೆ, ಆ ಸೆಳೆತವೂ ತುದಿಯತ್ತಲೇ; ಎರಡೂ ಕೂಡಿಕೊಳ್ಳುತ್ತವೆ. NF₃ಯಲ್ಲಿ ಫ್ಲೋರಿನ್‌ಗಳು ತಳದತ್ತ ಸೆಳೆಯುತ್ತವೆ, ಒಂಟಿ ಜೋಡಿ ಅದಕ್ಕೆ ಎದುರು ನಿಲ್ಲುತ್ತದೆ, ಬಹುಪಾಲು ಅಳಿದುಹೋಗುತ್ತದೆ.

ಆದ್ದರಿಂದ ಚಿತ್ರ ಬರೆದು ಮುಗಿಸಿದ ಮೇಲೆ ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಬೇಕು. ಸೆಳೆತಗಳು ಪೂರ್ತಿ ಅಳಿಯುತ್ತವೆಯೇ? ಇದಕ್ಕೆ ಆಕಾರವೇ ಉತ್ತರ ಕೊಡುತ್ತದೆ. ಅಳಿಯದಿದ್ದರೆ ಉಳಿದದ್ದೆಷ್ಟು? ಇದಕ್ಕೆ ಬಂಧಗಳ ಸೆಳೆತ ತೋರುವ ಬಾಣಗಳ ಜೊತೆ ಒಂಟಿ ಜೋಡಿಯ ಬಾಣವನ್ನೂ ಎಳೆಯಬೇಕು; ಅಷ್ಟಾದರೂ ಹೆಚ್ಚೋ ಕಡಿಮೆಯೋ ಎಂದು ಹೇಳಬಹುದೇ ಹೊರತು, ನಿಖರ ಸಂಖ್ಯೆ ಅಳತೆಯಿಂದಲೇ ಬರಬೇಕು.