ನಿದ್ದೆಯಲ್ಲೇ ಎದ್ದು ನಡೆಯುವ ಮಗು

ನಾಲ್ಕು ವರ್ಷದ ಮಗು ರಾತ್ರಿ 9ಕ್ಕೆ ಮಲಗಿದೆ ಎಂದುಕೊಳ್ಳಿ. ಹತ್ತೂವರೆಗೆ ಎದ್ದು, ಕಣ್ಣು ಬಿಟ್ಟುಕೊಂಡೇ ಬಾಗಿಲ ಕಡೆ ನಡೆಯುತ್ತದೆ. ಕರೆದರೆ ಓಗೊಡದೆ ಏನೋ ಗೊಣಗುತ್ತದೆ. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ.

ಇದು ಗಾಳಿ ಸೋಕಿದ್ದಲ್ಲ. ಮಲಗಿದ ಒಂದೆರಡು ಗಂಟೆಯ ಗಾಢ ನಿದ್ದೆಯಿಂದ ಮೆದುಳು ಅರೆಬರೆ ಎಚ್ಚರಗೊಂಡಾಗ ಕಾಲು ನಡೆಯುತ್ತದೆ, ಅರಿವು ಮಲಗಿಯೇ ಇರುತ್ತದೆ. ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಈ ಅಭ್ಯಾಸವಿದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚು. ನಿದ್ದೆ ಕಡಿಮೆಯಾದ ದಿನ, ಜ್ವರ ಬಂದಾಗ ಅದು ಹೆಚ್ಚಾಗುತ್ತದೆ. ಬರೀ ಕನವರಿಕೆಯಾದರೆ ಚಿಂತೆಯಿಲ್ಲ.

ನಡೆಯುವ ಮಗುವನ್ನು ಅಲುಗಾಡಿಸಿ ಎಬ್ಬಿಸಬೇಡಿ, ಗಾಬರಿಯಾಗಿ ಅತ್ತೀತು. ಮೆಲ್ಲಗೆ ಭುಜ ಹಿಡಿದು ಹಾಸಿಗೆಗೆ ಕರೆತನ್ನಿ. ಬೆಳಿಗ್ಗೆ ಅದನ್ನೇ ಎತ್ತಿ ಆಡಿಕೊಳ್ಳಬೇಡಿ.

ನಿಜವಾದ ಅಪಾಯ ಬೀಳುವುದು. ಎತ್ತರದ ಮಂಚ ಬಿಟ್ಟು ನೆಲದ ಮೇಲೆ ಹಾಸಿಗೆ ಹಾಸಿ. ಆಟಿಕೆ, ವೈರು ಎತ್ತಿಡಿ. ಕಿಟಕಿ, ಬಾಲ್ಕನಿ ಭದ್ರಪಡಿಸಿ, ಮೆಟ್ಟಿಲಿಗೆ ಗೇಟು ಹಾಕಿ, ಹೊರಬಾಗಿಲಿಗೆ ಮಗುವಿನ ಕೈಗೆಟುಕದ ಚಿಲಕವಿರಲಿ. ಮಲಗುವ ಕೋಣೆಯ ಬಾಗಿಲಿಗೆ ಗೆಜ್ಜೆ ಕಟ್ಟಿದರೆ ಸದ್ದು ನಿಮ್ಮನ್ನು ಎಬ್ಬಿಸುತ್ತದೆ.

ಈ ವಯಸ್ಸಿಗೆ ಹಗಲಿನದೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಮಲಗುವ ಮುಂಚೆ ಮೂತ್ರ ಮಾಡಿಸಿ. ಪ್ರತಿ ರಾತ್ರಿ ಹತ್ತೂವರೆಗೇ ಏಳುತ್ತಿದ್ದರೆ, ಕೆಲವು ವಾರ ಹತ್ತೂಕಾಲಿಗೇ ಮೃದುವಾಗಿ ಎಚ್ಚರಿಸಿ ಮತ್ತೆ ಮಲಗಿಸಿ ನೋಡಿ.

ಜೋರು ಗೊರಕೆ, ಕೈಕಾಲು ಸೆಟೆದು ಅದುರುವುದು, ಪದೇಪದೇ ಪೆಟ್ಟಾಗುವುದು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಮೊಬೈಲಿನಲ್ಲಿ ತೆಗೆದ ವಿಡಿಯೊ ಅವರಿಗೆ ನೆರವಾಗುತ್ತದೆ.